ಚಾಪು ನಮ್ಮ ಹಂಚಿಗೆ ಬಂದ ಕಥಿ

ಮೊನ್ನೆ ಬೆಳಗಾವಿಯಿಂದ ನಮ್ಮ ನಾದಿನಿ ಫೋನ್ ಮಾಡಿದ್ಲು. “ವೈನಿ, ನಿಮ್ಮಂಗ ಚಾಪು ಹಂಚಿನ ಮ್ಯಾಲೆ ಮಾಡಾಕ ಹೋದ್ನಿ, ಚಪ್ಪಲಿ ಆದಂಗ ಆತು. ಇವರು ಒಂದ ತುತ್ತು ಕಡದು ತಾಟಿನ್ಯಾಗ ಬಿಟ್ರು. ಎಷ್ಟು ನಿಮಿಷ ಇಡಬೇಕು, ಅಷ್ಟ ಹೇಳ್ರಿ” ಅಂದ್ಲು. ನಿಮಿಷದ ಮಾತು ಆಮ್ಯಾಲೆ, ಮೊದಲು ಕುರಿಗೆ ಎಷ್ಟು ವಯಸ್ಸಾಗಿತ್ತು ಹೇಳು ಅಂದ್ನಿ. ನಕ್ಕಳು. ನಗೂ ಮಾತಲ್ಲ ಅದು. ನಮ್ಮ ಕಡೆ ಚಾಪು ಹಂಚಿನ ಮ್ಯಾಲೆ ಬರಾಕ ಇಷ್ಟು ವರ್ಷ ಯಾಕ ಹಿಡೀತು ಅನ್ನೂದು ಆ ವಯಸ್ಸಿನ್ಯಾಗನ ಐತಿ.

ನಾನು ಮದುವಿಯಾಗಿ ಹೊಂಬಳಕ್ಕ ಬಂದಾಗ ನಮ್ಮ ಮಾವಾರ ಹತ್ರ ಅರವತ್ತು ಕುರಿ ಇದ್ವು. ಕರೀ ಕುರಿ, ಮೈತುಂಬ ಒರಟು ಉಣ್ಣಿ. ದಖ್ಖನಿ ಕುರಿ ಅಂತ ಪುಸ್ತಕದಾಗ ಬರೀತಾರ, ಮನ್ಯಾಗ ನಾವು ಬರೇ ಕರೀ ಕುರಿ ಅಂತಿದ್ವಿ. ಆ ಕುರಿ ಸಾಕತಿದ್ದದ್ದು ತಿನ್ನಾಕಲ್ಲ. ವರ್ಷಕ್ಕ ಎರಡು ಸಲ ಉಣ್ಣಿ ಕತ್ತರಿಸಿ ಕಂಬಳಿ ನೇಯೋರಿಗೆ ಕೊಡತಿದ್ರು. ಸುಗ್ಗಿ ಮುಗದ ಮ್ಯಾಲೆ ಎರಿ ಹೊಲದಾಗ ರಾತ್ರಿ ಕುರಿ ನಿಲ್ಲಿಸಿದ್ರ ಹಿಕ್ಕಿ ಗೊಬ್ಬರ ಆಗ್ತಿತ್ತು, ಹೊಲದವರು ಅದಕ್ಕ ಜ್ವಾಳ ಅಳೀತಿದ್ರು. ಒಂದು ಟಗರು ನಾಕೈದು ವರ್ಷ ಉಣ್ಣಿ ಕೊಟ್ಟು, ಗೊಬ್ಬರ ಕೊಟ್ಟು, ಹಲ್ಲು ಸವದ ಮ್ಯಾಲೆ ಜಾತ್ರಿಗೋ ದ್ಯಾವರ ಕಾರ್ಯಕ್ಕೋ ಕೊಯ್ಯೂದು. ಇನ್ನೂ ಉಣ್ಣಿ ಬಿಡೂ ಎಳೀ ಮರಿ ಕೊಯ್ಯೂದು ಅಂದ್ರ ಕಾಯಿ ಬಿಡೂ ಗಿಡ ಕಡದಂಗ. ಮಾವಾರ ಮುಂದ ಆ ಮಾತು ಆಡಾಕ ಆಗ್ತಿದ್ದಿಲ್ಲ.

ಹಂಗ ನಮ್ಮ ಗಡಿಗಿಗೆ ಬರ್ತಿದ್ದ ಖಂಡ ಊರೂರು ತಿರುಗಿ ಗಟ್ಟಿಯಾದ ಮುದಿ ಕುರಿದು. ಖಂಡದ ಎಳಿ ಎಳಿಗಳನ್ನ ಕಟ್ಟಿ ಹಿಡಿಯೂ ನಾರು ಇರ್ತದಲ್ಲ, ವಯಸ್ಸಾದಂಗ ಅದು ಬಿಗಿ ಆಗ್ತದ. ನೀರಾಗ ಎರಡು ತಾಸು ಕುದ್ರ ಅದು ಕರಗಿ ಸಾರಿಗೆ ಅಂಟು ಬರ್ತದ, ಸಾರು ರುಚಿ ಆಗ್ತದ. ಒಣಾ ಹಂಚಿನ ಮ್ಯಾಲೆ ಐದ ನಿಮಿಷಕ್ಕ ಅದು ಕರಗೂದಿಲ್ಲ, ಸೆಟದುಕೊಂಡು ಇನ್ನೂ ಬಿಗಿ ಆಗ್ತದ. ನಮ್ಮ ಅತ್ತಿಗೆ, ಅವರ ಅತ್ತಿಗೆ ಹಂಚಿನ ಚಾಪು ಗೊತ್ತಿದ್ದಿಲ್ಲ ಅಂದ್ರ ಅವರಿಗೆ ಅಡಿಗಿ ಬರ್ತಿದ್ದಿಲ್ಲ ಅಂತಲ್ಲ. ಅವರ ಕೈಗೆ ಬಂದ ಖಂಡಕ್ಕ ಗಡಿಗಿನ ಸರಿ ಇತ್ತು.

ಚಾಪು ಅನ್ನೂ ಮಾತು ಇಂಗ್ಲಿಷಿನ್ಯಾಗಿಂದು, ಕಡದ ತುಂಡು ಅಂತ ಅರ್ಥ. ಬೆನ್ನಿನ ಎಲುಬಿನಗುಂಟ ಇರೂ ಪಕ್ಕಡಿ ಎಲುಬು ಒಂದೊಂದು ಬಿಡಿಸಿ, ಅದರ ತುದಿಗೆ ದುಂಡನ್ನ ಮೆತ್ತನ ಖಂಡ ಉಳಿಯೂ ಹಂಗ ಕತ್ತರಿಸಿದ್ದು. ಬೆನ್ನಿನ ಈ ಖಂಡಕ್ಕ ದುಡಿಮಿ ಕಡಿಮಿ. ನಡಿಯೂದು ತೊಡಿ, ಭಾರ ಹೊರೂದು ಮುಂಗಾಲು, ಇದು ಸುಮ್ಮನ ಮ್ಯಾಲೆ ಕುಂತಿರ್ತದ. ಅದಕ್ಕ ನಾರು ಕಡಿಮಿ.

ನಾನು ಚಾಪು ಮೊದಲು ನೋಡಿದ್ದು ತವರುಮನ್ಯಾಗ, ಹುಬ್ಬಳ್ಳಿಯೊಳಗ. 1880ರ ದಶಕದಾಗ ಸದರ್ನ್ ಮರಾಠಾ ರೈಲ್ವೆಯವರು ಹುಬ್ಬಳ್ಳಿಯೊಳಗ ದೊಡ್ಡ ವರ್ಕ್‌ಶಾಪ್ ಹಾಕಿದ್ರು, ನಮ್ಮ ಗದಗಿನಿಂದ ಹೊಟಗಿಗೆ ಹೋಗೂ ಲೈನ್ ಸುದ್ದಾ ಅದ ಕಂಪನಿದು. ಅದರ ಸಂಗಾಟ ಆಂಗ್ಲೋ ಇಂಡಿಯನ್ ಮಂದಿ ರೈಲ್ವೆ ಕಾಲನಿಗೆ ಬಂದು ನೆಲಸಿದ್ರು. ನಮ್ಮಪ್ಪ ವರ್ಕ್‌ಶಾಪಿನ್ಯಾಗ ಇದ್ರು, ನಮ್ಮ ಓಣಿ ದಾಟಿದ್ರ ಕಾಲನಿ. ಅಲ್ಲೊಬ್ಬರು ಆಂಟಿ ಐತವಾರಕ್ಕೊಮ್ಮೆ ಮೆಣಸಿನ ಚಾಪು ಮಾಡಿ, ಆಲೂಗಡ್ಡಿ ಹುರದು ಜೋಡಿ ಮಾಡಿ ನಮಗೂ ಒಂದು ಬಟ್ಟಲಾ ಕೊಡತಿದ್ರು. ಆ ಚಾಪನ್ನೂ ಮೊದಲು ಕುಕ್ಕರಿನ್ಯಾಗ ನಾಕು ಸೀಟಿ ಹೊಡಿಸಿ, ನೀರು ಇಂಗಿಸಿ, ಆಮ್ಯಾಲೆ ಉಳ್ಳಾಗಡ್ಡಿ ಮೆಣಸಿನಪುಡಿಯೊಳಗ ಹುರೀತಿದ್ರು. ಹೆಸರು ಬಿಲಾಯತಿದು, ಅಡಿಗಿ ನಮ್ಮದ. ಯಾಕಂದ್ರ ಆಂಟಿಗೂ ಅಂಗಡಿಯೊಳಗ ಸಿಗತಿದ್ದದ್ದು ಅದ ಮುದಿ ಕುರಿ. ಗದಗ ಬೆಟಗೇರಿಯ ಸಾವಜಿ ಖಾನಾವಳಿಗೆ ಹೋದವರಿಗೂ ಗೊತ್ತಿರ್ತದ, ಅಲ್ಲಿ ಖಂಡ ಖಾರದ ರಸದಾಗ ಮೆತ್ತಗಾಗೂ ತನಕ ಬೇಯೂದು, ಹಂಚಿನ ಮ್ಯಾಲೆ ಐದ ನಿಮಿಷ ಕುಣಿಯೂದಲ್ಲ.

ಆಮ್ಯಾಲೆ ಕಂಬಳಿ ಕೆಟ್ಟಿತು. ಗಿರಣಿ ರಗ್ಗು, ಮೆತ್ತನ ಚಾದರ ಸಂತ್ಯಾಗ ಸಸ್ತಾ ಆದ್ವು. ಕರೀ ಒರಟು ಉಣ್ಣಿಗೆ ಗಿರಾಕಿ ಇಲ್ಲದಂಗ ಆತು. ಕತ್ತರಿಸಾಕ ಬರೋರ ಕೂಲಿ ಉಣ್ಣಿ ರೊಕ್ಕಕ್ಕಿಂತ ಜಾಸ್ತಿ ಆದ ಮ್ಯಾಲೆ ಉಣ್ಣಿ ಬೇಲಿಗುಂಟ ಚೆಲ್ಲಿದ್ದನ್ನ ನಾನ ನೋಡೀನಿ. ನಮ್ಮ ಮಾವಾರು 1996ರಾಗ ಹಿಂಡು ಮಾರಿದ್ರು. ಕುರಿ ಸಾಕೋರು ಉಳಿದ್ರು, ಆದ್ರ ಲೆಕ್ಕ ತಿರುವು ಆತು. ಈಗ ಗಂಡು ಮರಿ ಮೂರು ನಾಕು ತಿಂಗಳಿಗೆ ಸಂತಿಗೆ ಹೋಗ್ತದ, ಕೊಂಡವರು ಇನ್ನಷ್ಟು ತಿಂಗಳು ಮೇಯಿಸಿ ಅಂಗಡಿಗೆ ಕೊಡತಾರ. ಉಣ್ಣಿ ಇಲ್ಲದ ಕೆಂಪು ಕುರಿ ಹೆಚ್ಚಾದ್ವು. ವರ್ಷ ತುಂಬದ ಮರಿಯ ಖಂಡ ನಮ್ಮಂಥಾ ಮನಿಗೆ ದಿನಾ ಸಿಗಾಕ ಹತ್ತಿದ್ದು ಹಿಂಗ. ಕಂಬಳಿ ಹೋತು, ಚಾಪು ಬಂತು. ಮಾವಾರಿಗೆ ಇದು ಸಂತೋಷದ ಸುದ್ದಿ ಆಗಿದ್ದಿಲ್ಲ ಬಿಡ್ರಿ.

ನಾನು ಚಾಪಿಗೆ ಕೈ ಹಾಕಿದ್ದು ಅವರ ಸಲುವಾಗಿನ. 2014ರಾಗ ಅವರಿಗೆ ಎಂಬತ್ತು ದಾಟಿತ್ತು, ಬಾಯಾಗ ನಾಕು ಹಲ್ಲು. ಸಾರಿನ ಖಂಡ ಅಗಿಯಾಕ ಆಗದ ರಸಾ ಅಷ್ಟ ಸುರದು, ಎಲ್ಲಾರಕಿಂತ ಮೊದಲು ಎದ್ದು ಹೋಗತಿದ್ರು. ಆಮ್ಯಾಲೆ ಆಮ್ಯಾಲೆ ಖಂಡದ ದಿನ ಊಟಕ್ಕ ಕೂಡೂದನ್ನ ಬಿಟ್ರು, “ನನಗ ಮಜ್ಜಿಗಿ ಸಾಕವಾ” ಅಂತಿದ್ರು. ಜೀವನಪೂರ್ತಿ ಕುರಿ ಹಿಂದ ನಡದ ಮನಷ್ಯಾ ಖಂಡದ ದಿನ ಕಟ್ಟಿ ಮ್ಯಾಲೆ ಒಬ್ಬರ ಕುಂತದ್ದು ನೋಡಾಕ ಆಗ್ತಿದ್ದಿಲ್ಲ. ಕುಕ್ಕರಿನ್ಯಾಗ ಹೆಚ್ಚ ಕುದಿಸಿದ್ರ ಖಂಡ ಎಳಿ ಎಳಿ ಬಿಚ್ಚಿ ಹಲ್ಲಿನ ಸಂದ್ಯಾಗ ಸಿಗತಿತ್ತು. ಆಗ ಮಗಳು ಹೋಟೆಲ್ ಅಡಿಗಿ ಓದಾಕ ಹತ್ತಿದ್ಲು. “ಅವ್ವಾ, ಎಳೀ ಮರಿ ಚಾಪು ಹಂಚಿನ ಮ್ಯಾಲೆ ಮಾಡು, ಅಜ್ಜನ ನಾಲಿಗಿಗೇ ಮುರೀತದ” ಅಂದ್ಲು.

ಮೊದಲನೇ ಸಲದ ಫಜೀತಿ ಹೇಳತೀನಿ, ಯಾಕಂದ್ರ ನಾದಿನಿ ಮಾಡಿದ ತಪ್ಪು ಎಲ್ಲಾ ಅದರಾಗ ಇದ್ವು. ಅಂಗಡಿಯಂವ ಸಾರಿಗೆ ಕಡದಂಗ ಕತ್ತಿಲೆ ಕಿರಿಬಳ್ಳಿನ ಅರ್ಧದಷ್ಟು ತೆಳ್ಳಗ ಕಡದಿದ್ದ. ಮುಂಜಾನಿ ಕೊಯ್ದ ಕುರಿ, ಹನ್ನೊಂದು ಗಂಟೆಗೆ ನನ್ನ ಹಂಚಿನ್ಯಾಗ. ಖಾರಪುಡಿ, ಅರಿಷಿಣ, ಬಳ್ಳೊಳ್ಳಿ ಎಲ್ಲಾ ಹಚ್ಚಿ ಒದ್ದೀ ಒದ್ದೀನ ಹಾಕಿದ್ನಿ. ಮೊದಲು ನೀರು ಬಿಟ್ಟು ಬೇಯಾಕ ಹತ್ತಿತು, ನೀರು ಇಂಗಿದ ಕೂಡಲೇ ಖಾರ ಸೀದು ಮನಿಮಂದಿಯೆಲ್ಲಾ ಕೆಮ್ಮಾಕ ಹತ್ತಿದ್ರು. ಮಾವಾರು ಒಂದು ತುಂಡು ಬಾಯಾಗ ಇಟಗೊಂಡು, ಆಚೀಕಡೆ ಈಚೀಕಡೆ ಹೊಳ್ಳಿಸಿ, ಮೆಲ್ಲಕ ತಗದು ತಾಟಿನ ಅಂಚಿಗೆ ಇಟ್ರು. ಏನೂ ಅನಲಿಲ್ಲ.

ಅದರಾಗ ದೊಡ್ಡ ತಪ್ಪು ಖಂಡದ ವ್ಯಾಳ್ಯಾದ್ದು. ಪ್ರಾಣಿ ಕೊಯ್ದ ಮ್ಯಾಲೆ ಕೆಲ ತಾಸಿನ್ಯಾಗ ಖಂಡ ಸೆಟೀತದ, ಅದು ಸಡಲಾಗಾಕ ಒಂದು ದಿನ ಹತ್ತತದ. ಸೆಟದಾಗ ಹಂಚಿಗೆ ಹಾಕಿದ್ರ ಎಳೀ ಮರಿದಾದ್ರೂ ಗಟ್ಟಿನ. ಸಾರಿಗೆ ಇದು ಅಷ್ಟು ನಡಿಯೂದಿಲ್ಲ, ತಾಸುಗಟ್ಟಲೇ ಕುದಿಯೂದರಿಂದ ಮುಚ್ಚಿ ಹೋಗ್ತದ. ಫ್ರಿಜ್ ಇಲ್ಲದ ನಮ್ಮ ಬಿಸಿಲಿನ ಊರಾಗ ಖಂಡ ಮರುದಿನಕ್ಕ ಇಡೂ ಮಾತ ಇದ್ದಿಲ್ಲ, ಹಂಗಾಗಿ ಅವತ್ತಿಂದು ಅವತ್ತ ಕುದಿಸೂದು ರೂಢಿ ಆತು. ಈಗ ನಾನು ಶನಿವಾರ ತಂದು, ತಾಟಿನ್ಯಾಗ ಬಿಡಿ ಬಿಡಿಯಾಗಿ ಹರವಿ, ಮ್ಯಾಲೆ ತೆಳ್ಳನ ಅರಿವಿ ಹೊದಿಸಿ ಫ್ರಿಜ್ಜಿನ ಕೆಳಗಿನ ಕಪಾಟಿನ್ಯಾಗ ಇಟ್ಟು ಐತವಾರ ಸಂಜಿಗೆ ಮಾಡತೀನಿ. ಇದರಾಗ ಇನ್ನೊಂದು ಲಾಭ ಐತಿ, ಮೈ ಒಣಗಿರ್ತದ.

ಅಂಗಡಿಯೊಳಗ ಎಳೀದು ಹೌದೋ ಅಲ್ಲೋ ನೋಡೂದು ಎಲುಬಿನ್ಯಾಗ. ಎಳೀ ಮರಿಯ ಪಕ್ಕಡಿ ಸಣ್ಣದು, ದುಂಡನ್ನದು, ಕಡದಲ್ಲೆ ಕೆಂಪಗ ಹಸಿ ಹಸಿ ಇರ್ತದ. ಮುದಿ ಕುರಿದು ಅಗಲ, ಚಪ್ಪಟಿ, ಬಿಳಿ. ಆಮ್ಯಾಲೆ ದಪ್ಪದ ಮಾತು. ಎರಡು ಸೆಂಟಿಮೀಟರ್, ಅಂದ್ರ ಹೆಬ್ಬೆಟ್ಟಿನ ಅಗಲದಷ್ಟು ಬೇಕು ಅಂತ ಎದುರಿಗೆ ನಿಂತು ಹೇಳಿ ಕಡಿಸಬೇಕು. ನಮ್ಮ ಕಡೆ ಮರಿ ಸಣ್ಣವು, ಒಂದು ಎಲುಬಿಗೆ ಅಷ್ಟು ದಪ್ಪ ಬರದಿದ್ರ ಎರಡು ಎಲುಬು ಕೂಡಿಸಿ ಒಂದು ತುಂಡು ಮಾಡಸ್ರಿ. ತೆಳ್ಳಗಿದ್ರ ಹೊರಗ ಕೆಂಪಾಗೂದ್ರಾಗ ಒಳಗ ಒಣಗಿ ಹೋಗಿರ್ತದ. ದಪ್ಪ ಇದ್ರ ಹೊರಗಿನ ಬಣ್ಣಕ್ಕೂ ಒಳಗಿನ ಬೇಯೂದಕ್ಕೂ ನಡುವ ನಿಮಗ ಒಂದೀಟು ವ್ಯಾಳ್ಯಾ ಸಿಗತದ.

ಹಂಚು ರೊಟ್ಟಿದ, ದಪ್ಪ ಕಬ್ಬಿಣದ್ದು, ನಡುವ ಸ್ವಲ್ಪ ತಗ್ಗು ಇರೂದು. ನಮ್ಮ ಅತ್ತಿ ರೊಟ್ಟಿ ಹಂಚು ಖಂಡಕ್ಕ ಮುಟ್ಟಗೊಡಲಿಲ್ಲ, ಸೋಮಾರ ಉಪವಾಸದಾಕಿ ಅವರು. ಬೆಟಗೇರಿ ಸಂತ್ಯಾಗ ಬ್ಯಾರೇನ ಒಂದು ತಂದ್ನಿ. ನಾನ್‌ಸ್ಟಿಕ್ ಬ್ಯಾಡ, ಅಷ್ಟು ಕಾಯಿಸಾಕ ಅದು ಬರೂದಿಲ್ಲ.

ಚರಬಿಯ ಸಂಗತಿ ಮನಸಿಟ್ಟು ಕೇಳ್ರಿ, ಇದರಾಗ ರುಚಿ ನಿಂತೈತಿ. ಚಾಪಿನ ಹೊರಮೈಗುಂಟ ಬಿಳೀ ಚರಬಿಯ ಅಂಚು ಇರ್ತದ. ಕುರಿ ಚರಬಿ ತುಪ್ಪದಂಗ ಅಲ್ಲ. ತುಪ್ಪ ಬಾಯಾಗ ಕರಗತದ, ಇದು ನಮ್ಮ ಮೈ ಬಿಸಿಗೆ ಕರಗೂದಿಲ್ಲ, ತಾಟಿನ್ಯಾಗ ಆರಿದ್ರ ನಾಲಿಗಿಗೆ ಮೇಣ ಹತ್ತಿದಂಗ ಆಗ್ತದ. ಕುರಿ ವಾಸನಿ ಇರೂದೂ ಹೆಚ್ಚಾಗಿ ಈ ಚರಬಿಯೊಳಗನ. ಅದಕ್ಕ ಮೊದಲು ಚರಬಿ ಇಳಿಸಬೇಕು. ಹಂಚು ಬರೇ ಬೆಚ್ಚಗಾದಾಗ, ಎಣ್ಣಿ ಹಾಕದ, ನಾಕು ಚಾಪು ಒಂದಕ್ಕೊಂದು ಆತು ಕೊಟ್ಟು ಚರಬಿ ಅಂಚು ಕೆಳಗ ಬರೂ ಹಂಗ ನಿಂದ್ರಸ್ರಿ. ಉರಿ ಮಧ್ಯಮಕ್ಕಿಂತ ಕಡಿಮಿ. ನಾಕೈದು ನಿಮಿಷದಾಗ ಚರಬಿ ಕರಗಿ ಹಂಚಿನ ತಗ್ಗಿಗೆ ಬರ್ತದ, ಅಂಚು ಬಂಗಾರದ ಬಣ್ಣ ಆಗಿ ತೆಳ್ಳಗಾಗ್ತದ. ಉರಿ ಜೋರಿದ್ರ ಅಂಚು ಮ್ಯಾಲೆ ಕರ್ರಗ ಸೀದು ಒಳಗಿನ ಚರಬಿ ಹಂಗ ಬಿಳೀ ಉಳೀತದ. ಚಿಮಟಾಲೆ ಒತ್ತಿ ನೋಡಿದ್ರ ತಿಳೀತದ, ಇಳದ ಚರಬಿ ಗರಿಗರಿ, ಇಳೀದ್ದು ರಬ್ಬರಿನಂಗ. ಎರಡು ಚಮಚಾಕ್ಕಿಂತ ಹೆಚ್ಚು ಇಳದಿದ್ರ ಬಟ್ಟಲಕ್ಕ ಬಗ್ಗಿಸಿ ಇಟಗೊಳ್ರಿ, ಮರುದಿನ ಉಳ್ಳಾಗಡ್ಡಿ ಹುರಿಯಾಕ ಬರ್ತದ.

ಈಗ ಚಾಪು ಎತ್ತಿ ತಾಟಿಗೆ ಇಟ್ಟು ಉರಿ ಜೋರ ಮಾಡ್ರಿ. ಚರಬಿ ಮ್ಯಾಲೆ ಸಣ್ಣ ಹೊಗಿ ಎಳಿ ಏಳಬೇಕು. ಚಾಪಿನ ಮೈ ಅರಿವಿಲೆ ಇನ್ನೊಮ್ಮೆ ಒರಸಿ, ಉಪ್ಪು ಹಾಕಿ ಮಲಗಸ್ರಿ. ಛರ್ರ್ ಅಂತ ಒಂದ ಸಮ ಸಪ್ಪಳ ಬಂದ್ರ ಹಂಚು ಸರಿ ಕಾದೈತಿ. ಬುಸ್ ಅಂದು ಸುಮ್ಮನಾದ್ರ ಮೈ ಒದ್ದಿ ಐತಿ, ಇಲ್ಲಾ ಒಮ್ಮೆಲೆ ಬಹಳ ಹಾಕೀರಿ. ನೀರು ಇರೂ ತನಕ ಮೈ ನೂರು ಡಿಗ್ರಿ ದಾಟೂದಿಲ್ಲ, ದಾಟದ ಕೆಂಪು ಬಣ್ಣ ಬರೂದಿಲ್ಲ. ಆ ಬಣ್ಣ ಮತ್ತ ಘಮ ಹೆಂಗ ಹುಟ್ಟತಾವ ಅಂತ ಮೊದಲು ಬರದಂವ ಮಯಾರ್ ಅನ್ನೂ ಫ್ರಾನ್ಸ್ ದೇಶದಂವ, 1912ರಾಗ. ರೊಟ್ಟಿ ಮ್ಯಾಲಿನ ಕೆಂಪು ಚುಕ್ಕಿ, ಹುರದ ಶೇಂಗಾದ ಘಮ, ಎಲ್ಲಾ ಅದ ಕೆಲಸ. ಎರಡು ಸೆಂಟಿಮೀಟರಿನ ಚಾಪಿಗೆ ಒಂದು ಮಗ್ಗಲಾ ಎರಡೂವರಿಯಿಂದ ಮೂರು ನಿಮಿಷ, ಹೊಳ್ಳಿಸಿ ಅಷ್ಟ. ಎರಡು ಎಲುಬಿನ ಮೂರು ಸೆಂಟಿಮೀಟರಿನ ತುಂಡಿದ್ರ ಬಣ್ಣ ಬಂದ ಮ್ಯಾಲೆ ಉರಿ ಇಳಿಸಿ ಒಟ್ಟು ಒಂದು ಮಗ್ಗಲಿಗೆ ನಾಕೈದು ನಿಮಿಷ. ಖಾರ, ಬಳ್ಳೊಳ್ಳಿ ಕಡೇಕ, ಉರಿ ಆರಿಸಿದ ಮ್ಯಾಲೆ, ಆ ಬಿಸಿ ಚರಬಿಯೊಳಗ ಹಾಕಿ ಮ್ಯಾಲೆ ಸುರೀರಿ, ಸೀಯೂದಿಲ್ಲ.

ಇಲ್ಲಿ ಒಂದು ಹಳೇ ಸುಳ್ಳಿನ ಕಥಿ ಹೇಳಬೇಕು. ಟೀವಿ ಅಡಿಗಿಯವರು ಈಗೂ ಹೇಳತಾರ, ಜೋರ ಉರಿಗೆ ಹಾಕಿದ್ರ ಖಂಡದ ಬಾಯಿ ಮುಚ್ಚಿ ರಸಾ ಒಳಗ ಉಳೀತದ ಅಂತ. ಇದನ್ನ ಹಬ್ಬಿಸಿದ್ದು 1847ರಾಗ ಜರ್ಮನಿಯ ದೊಡ್ಡ ರಸಾಯನ ಪಂಡಿತ ಲೀಬಿಗ್. ಅಂವ ಹೇಳಿದ್ದಕ್ಕ ಯುರೋಪಿನ ಅಡಿಗಿಯವರು ತಮ್ಮ ಹಳೇ ರೀತಿ ಬಿಟ್ಟು ಮೊದಲ ಜೋರ ಉರಿಗೆ ಹಾಕಾಕ ಹತ್ತಿದ್ರು. 1930ರ ದಶಕದಾಗ ತೂಗಿ ನೋಡಿದಾಗ ಅದು ಖರೇ ಅಲ್ಲ ಅಂತ ಗೊತ್ತಾತು, ಆದ್ರೂ ಮಾತು ಉಳೀತು. ಮಗಳ ಪುಸ್ತಕದಾಗ ಇದನ್ನ ಓದಿ ನನಗ ಒಂದು ಸಂಶೆ ಬಂತು. ಬಾಯಿ ಮುಚ್ಚಿದ್ರ ಹಂಚಿನ ಮ್ಯಾಲೆ ಛರ್ರ್ ಅನ್ನೂದು ಯಾತರದು? ನೀರು ಹೊರಗ ಬಂದು ಆವಿ ಆಗೂ ಸಪ್ಪಳನ ಅಲ್ಲ? ಎಂಬತ್ತು ಎಂಬತ್ತು ಗ್ರಾಮಿನ ಎರಡು ಚಾಪು ತಗೊಂಡ್ನಿ. ಒಂದಕ್ಕ ಮೊದಲ ಜೋರ ಉರಿ ಆಮ್ಯಾಲೆ ಸಣ್ಣುರಿ, ಇನ್ನೊಂದಕ್ಕ ಮೊದಲ ಸಣ್ಣುರಿ ಕಡೇಕ ಜೋರ. ತೂಗಿದ್ರ ಎರಡೂ ಅರವತ್ನಾಕು ಅರವತ್ತೈದರ ಸುತ್ತ. ಜೋರ ಉರಿ ಬೇಕಾದದ್ದು ಬಣ್ಣಕ್ಕ, ಘಮಕ್ಕ. ರಸಾ ಉಳಸೂದು ಹೆಚ್ಚು ಬೇಯಿಸದ ಇಳಿಸೂದು, ಮತ್ತ ಇಳಿಸಿದ ಮ್ಯಾಲೆ ಕಾಯೂದು.

ಆ ಕಾಯೂದನ್ನ ನಮ್ಮ ಮನ್ಯಾಗ ಯಾರೂ ಒಪ್ಪಲಿಲ್ಲ. ಬಿಸಿ ಬಿಸಿ ತಿನ್ನೂದು ಬಿಟ್ಟು ನೋಡಕೋತ ಕುಂಡ್ರಬೇಕಾ ಅಂತ ಯಜಮಾನರು. ನಾನು ಒಂದನ್ನ ಅವರ ಮುಂದನ ಇಳಿಸಿದ ಕೂಡಲೇ ಕತ್ತರಿಸಿದ್ನಿ, ತಾಟಿನ್ಯಾಗ ಎರಡು ಚಮಚಾ ರಸಾ ಹರೀತು. ಇನ್ನೊಂದನ್ನ ರೊಟ್ಟಿ ಬುಟ್ಟಿ ಬೋರಲ ಹಾಕಿ ಆರು ನಿಮಿಷ ಬಿಟ್ಟು ಕತ್ತರಿಸಿದ್ನಿ, ಅರ್ಧಾ ಚಮಚಾನೂ ಇಲ್ಲ. ಬಿಸಿಯಾಗಿದ್ದಾಗ ಖಂಡ ಬಿಗಿ ಹಿಡದಿರ್ತದ, ರಸಾ ನೀರಿನಂಗ ತೆಳ್ಳಗಿರ್ತದ. ಸ್ವಲ್ಪ ಆರಿದ್ರ ಖಂಡ ಸಡಲಾಗಿ ರಸಾ ಗಟ್ಟಿಯಾಗ್ತದ. ಪಾತೇಲಿ ಮುಚ್ಚಬ್ಯಾಡ್ರಿ, ಆವಿ ಕೂತು ಗರಿಗರಿ ಅಂಚು ಮೆತ್ತಗಾಗ್ತದ, ಬುಟ್ಟಿಯಾದ್ರ ಉಸರಾಡತದ. ಹತ್ತು ನಿಮಿಷ ಮೀರಿದ್ರ ಚರಬಿ ಹೆಪ್ಪುಗಟ್ಟತದ, ಅದೂ ಬ್ಯಾಡ.

ಬೇಯೂ ಮಟ್ಟದಾಗ ಮಾತ್ರ ನಾವು ಬಿಲಾಯತಿಯವರ ಮಾತು ಪೂರ್ತಿ ಕೇಳೂದಿಲ್ಲ. ಅವರು ಒಳಗ ಗುಲಾಬಿ ಬಣ್ಣ ಇದ್ರ ಚಲೋ ಅಂತಾರ. ಅಮೆರಿಕಾ ಸರಕಾರದವರು ನಡುಮಧ್ಯ 63 ಡಿಗ್ರಿ ಮುಟ್ಟಿ ಮೂರು ನಿಮಿಷ ಬಿಟ್ರ ಸಾಕು ಅಂತ ಹೇಳ್ಯಾರ. ಎರಡೂವರಿ ಮೂರು ನಿಮಿಷದ ಲೆಕ್ಕ ಆ ಮಟ್ಟದ್ದು. ಮಾವಾರು ಎರಡನೇ ಸಲ ಆ ಗುಲಾಬಿ ನೋಡಿ “ಇದು ಹಸೀದೈತಿ, ತಿನ್ನೂದು ಪಾಪ” ಅಂದು ತಾಟು ಸರಿಸಿದ್ರು. ಬಸರಿ ಹೆಂಗಸರಿಗೆ, ಮುದುಕರಿಗೆ ನಾನೂ ಅದನ್ನ ಕೊಡಂಗಿಲ್ಲ. ಮೂರನೇ ಸಲ ಬಣ್ಣ ಬಂದ ಮ್ಯಾಲೆ ಉರಿ ಇಳಿಸಿ ಒಂದೊಂದು ಮಗ್ಗಲಾ ಇನ್ನೂ ಒಂದೂವರಿ ನಿಮಿಷ ಇಟ್ನಿ. ಮಗಳು ತಂದ ಸೂಜಿ ಥರ್ಮಾಮೀಟರ್ ಎಲುಬಿಗೆ ತಾಗದಂಗ ಚುಚ್ಚಿದ್ರ 68 ತೋರಿಸ್ತು, ಬುಟ್ಟಿ ಕೆಳಗ ತಾನ 71 ಮುಟ್ಟಿತು. ಒಲಿ ಮ್ಯಾಲಿಂದ ಇಳಿಸಿದ ಮ್ಯಾಲೂ ಒಳಗ ಮೂರ್ನಾಕು ಡಿಗ್ರಿ ಏರತದ, ಆ ಲೆಕ್ಕ ಹಿಡದ ಮೊದಲ ಇಳಿಸಬೇಕು. ಥರ್ಮಾಮೀಟರ್ ಇಲ್ಲದವರು ಬಳ್ಳಿಲೆ ಒತ್ತಿ ನೋಡ್ರಿ. ಗಲ್ಲ ಒತ್ತಿದಂಗ ಮೆತ್ತಗಿದ್ರ ಹಸಿ, ಗದ್ದದಂಗ ಪುಟಿದ್ರ ಸರಿ, ಹಣಿಯಂಗ ಗಟ್ಟಿ ಆದ್ರ ಕೆಟ್ಟಿತು. ಸೂಜಿ ಚುಚ್ಚಿದಲ್ಲೆ ಬರೂ ರಸಾ ಕೆಂಪಿಲ್ಲದ ತಿಳಿ ಇರಬೇಕು.

ಆ ಐತವಾರ ಮಾವಾರನ್ನ ಕಟ್ಟಿ ಮ್ಯಾಲಿಂದ ಕರದು ಪಂಕ್ತ್ಯಾಗ ಕುಂಡ್ರಸಿದ್ವಿ. ಎಲುಬಿನಿಂದ ಬಿಡಿಸಿ, ಎಳಿಗೆ ಅಡ್ಡಾ ಸಣ್ಣ ಸಣ್ಣ ಕತ್ತರಿಸಿ, ಮೆತ್ತನ ರೊಟ್ಟಿ ಜೋಡಿ ಇಟ್ನಿ. ಒಳಗ ಬಣ್ಣ ನೋಡಿದ್ರು, ಬಾಯಾಗ ಇಟಗೊಂಡ್ರು, ಬಹಳ ಹೊತ್ತು ಅಗದ್ರು. “ಎಷ್ಟ ತಿಂಗಳದು?” ಅಂತ ಕೇಳಿದ್ರು. ಏಳು ಅಂದ್ನಿ. “ಒಂದ ಸಲ ಉಣ್ಣಿ ಕತ್ತರಿಸಿದ್ರೋ ಇಲ್ಲೋ” ಅಂದ್ರು. ಆಮ್ಯಾಲೆ ತಾಟು ಮುಂದ ಸರಿಸಿ ಇನ್ನೆರಡು ತುಂಡು ಹಾಕಿಸಿಕೊಂಡ್ರು, ಎಲುಬು ಕೈಯಾಗ ಹಿಡದು ಎಲ್ಲಾರಕಿಂತ ಹಿಂದ ಎದ್ರು.

ನಾದಿನಿಗೆ ಇಷ್ಟೂ ಹೇಳಿದ್ನಿ. ಅಕಿ ತಂದದ್ದು ಅದ ದಿನ ಕೊಯ್ದ ಖಂಡ, ಅರ್ಧಾ ಸೆಂಟಿಮೀಟರ್ ದಪ್ಪ, ಒಂದ ಹಂಚಿಗೆ ಹತ್ತು ತುಂಡು ಹಾಕಿದ್ಲಂತ. ಈ ಶನಿವಾರ ತಂದು ಫ್ರಿಜ್ಜಿನ್ಯಾಗ ಇಡತಾಳ.